ಹರಿಗೋಲಿನ ಪಟ್ಟಿಯಲ್ಲಿ ನಾನಿರಲಿಲ್ಲ

ನಾನು ಬರೆದ ಮೊದಲ ರಿಸ್ಕ್ ಅಸೆಸ್ಮೆಂಟಿನ ಪ್ರಕಾರ ನಮ್ಮ ಸಿನಿಮಾದಲ್ಲಿ ಒಬ್ಬರೂ ಬದುಕುಳಿಯುವಂತಿರಲಿಲ್ಲ. ನಾನು ಮಾತ್ರ ಆರಾಮಾಗಿದ್ದೆ, ಯಾಕೆಂದರೆ ನನ್ನನ್ನು ನಾನು ಅದರಲ್ಲಿ ಸೇರಿಸಿಯೇ ಇರಲಿಲ್ಲ.

ಶಹಾಪುರದ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೆ. ಕೊನೆಯ ವರ್ಷ ಐದು ನಿಮಿಷದ ಸಿನಿಮಾ ಮಾಡಿ ಕೊಡಬೇಕು. ನಮಗಿಂತ ಹಿಂದಿನ ಬ್ಯಾಚಿನವರು ಸುರಪುರದ ರಸ್ತೆಯಲ್ಲಿ ಬೈಕಿನ ಮುಂದಿನ ಗಾಲಿ ಎತ್ತುವ ಸ್ಟಂಟ್ ಶೂಟ್ ಮಾಡಲು ಹೋದಾಗ ಹೀರೋನ ಎರಡು ಹಲ್ಲು ರಸ್ತೆಯ ಮೇಲೆ ಬಿದ್ದಿದ್ದವು. ಅಂದಿನಿಂದ ಪ್ರಿನ್ಸಿಪಾಲರು ಒಂದು ಕಮಿಟಿ ಮಾಡಿದರು. ರಸ್ತೆ, ನೀರು, ಸ್ಟಂಟ್, ಇವುಗಳಲ್ಲಿ ಯಾವುದಿದ್ದರೂ ಅಪಾಯದ ಪಟ್ಟಿ ಬರೆದು ಕಮಿಟಿಗೆ ಕೊಡಬೇಕು. ಅವರು ಸಹಿ ಹಾಕುವ ತನಕ ಕ್ಯಾಮೆರಾ ಬೀರುವಿನಿಂದ ಹೊರಗೆ ಬರುವುದಿಲ್ಲ.

ನನಗೆ ಬೇಕಾಗಿದ್ದು ನೀರು. ಅದೂ ಎಂಥದೋ ನೀರಲ್ಲ, ನಮ್ಮೂರ ಮುಂದಿನ ಕೃಷ್ಣಾ ಹೊಳೆ.

ಅಕ್ಕನನ್ನು ಹೊಳೆಯ ಆಚೆ ಊರಿಗೆ ಕೊಟ್ಟಾಗ ನನಗೆ ಏಳು ವರ್ಷ. ಅವ್ವ ದಿನವೆಲ್ಲ ಹತ್ತಿ ಬಿಡಿಸಲು ಹೋಗುತ್ತಿದ್ದಳು. ನನಗೆ ಸ್ನಾನ ಮಾಡಿಸುತ್ತಿದ್ದವಳು, ಉಣಿಸುತ್ತಿದ್ದವಳು, ಹೊಡೆಯುತ್ತಿದ್ದವಳು, ಹೊಡೆದ ಮೇಲೆ ಬೆಲ್ಲ ಕೊಡುತ್ತಿದ್ದವಳು ಎಲ್ಲ ಅಕ್ಕನೇ. ಮದುವೆಯ ಮರುದಿನ ಅವಳನ್ನು ಹರಿಗೋಲಿನಲ್ಲಿ ಕರೆದೊಯ್ದರು. ಬುಟ್ಟಿಯಂತೆ ಗುಂಡಗಿರುವ ಆ ದೋಣಿಯಲ್ಲಿ ಜಾಗವಿಲ್ಲ, ನಿನ್ನನ್ನು ಮುಂದಿನ ಸಲ ಒಯ್ಯುತ್ತೇವೆ ಎಂದು ನನ್ನನ್ನು ಅವ್ವನ ಜೊತೆ ದಂಡೆಯ ಮೇಲೆ ಬಿಟ್ಟರು. ಮುಂದಿನ ಸಲ ಬರುವ ಹೊತ್ತಿಗೆ ಬಸ್ಸು ಬಂದಿತ್ತು. ಸೇತುವೆ ಸುತ್ತಿಕೊಂಡು ಹೋಗುವ ಬಸ್ಸು. ಹೀಗಾಗಿ ನಾನು ಇವತ್ತಿಗೂ ಆ ಹರಿಗೋಲು ಹತ್ತಿಲ್ಲ.

ಅವತ್ತು ನಾನು ಕಂಡದ್ದು ಸಣ್ಣಗಾಗುತ್ತ ಹೋಗುವ ಅಕ್ಕ. ಅವಳು ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಅದೊಂದು ನನ್ನ ಕಣ್ಣಿನಲ್ಲಿ ಹಾಗೇ ಇದೆ. ಆದರೆ ಅವಳಿಗೆ ಏನು ಕಂಡಿತ್ತು? ನಡುಹೊಳೆಯಿಂದ ನಮ್ಮ ದಂಡೆ ಹೇಗಿರುತ್ತದೆ? ಅಲ್ಲಿ ನಿಂತ ಹುಡುಗ ಎಷ್ಟಿದ್ದ? ಈಗ ಅವಳು ವರ್ಷಕ್ಕೊಮ್ಮೆ ಪಂಚಮಿಗೆ ಬರುತ್ತಾಳೆ, ಅದೂ ಮಕ್ಕಳ ಸಾಲಿಗೆ ರಜೆ ಇದ್ದರೆ. ಎರಡು ದಿನ ಇದ್ದು, ಒಂದೂವರೆ ದಿನ ಕೆಲಸ ಮಾಡಿ, ಹೋಗುತ್ತಾಳೆ. ಇಂಥದ್ದನ್ನೆಲ್ಲ ಕೇಳುವುದು ಯಾವಾಗ? ಅದಕ್ಕೇ ನಡುಹೊಳೆಯಿಂದ ದಂಡೆಯನ್ನು ತೆಗೆಯುವ ಒಂದೇ ಒಂದು ಶಾಟ್ ನನಗೆ ಬೇಕಿತ್ತು. ಉಳಿದ ನಾಲ್ಕೂಮುಕ್ಕಾಲು ನಿಮಿಷ ಏನಾದರೂ ತುಂಬಿದರಾಯಿತು ಎಂದುಕೊಂಡಿದ್ದೆ.

ಫಾರಂ ಸುಲಭವಾಗಿ ಕಂಡಿತು. ಏನು ಕೆಲಸ, ಅದರಲ್ಲಿ ಏನು ಅಪಾಯ, ಯಾರಿಗೆ, ಈಗ ಏನು ಮುಂಜಾಗ್ರತೆ ಇದೆ. ಆಮೇಲೆ ಎರಡು ಅಂಕಣ. ಆಗುವ ಸಾಧ್ಯತೆ ಐದಕ್ಕೆ ಎಷ್ಟು, ಆದರೆ ಪೆಟ್ಟು ಎಷ್ಟು ದೊಡ್ಡದು ಐದಕ್ಕೆ ಎಷ್ಟು. ಎರಡನ್ನೂ ಗುಣಿಸಬೇಕು. ಒಂದನೇ ಇಯತ್ತೆಯಿಂದ ಪಾಸಾಗಲು ಒದ್ದಾಡಿದ ಜೀವ ನನ್ನದು; ಐದಕ್ಕೆ ಎಷ್ಟು ಎಂದು ಕೇಳಿದರೆ ಕೈ ತಾನೇ ಐದು ಬರೆಯುತ್ತದೆ. ಹರಿಗೋಲು ಮಗುಚುವುದು, ಐದು ಐದಲೆ ಇಪ್ಪತ್ತೈದು. ಕ್ಯಾಮೆರಾ ನೀರಿಗೆ ಬೀಳುವುದು, ಇಪ್ಪತ್ತೈದು. ಬಿಸಿಲು ಬಡಿಯುವುದಕ್ಕೆ ಮಾತ್ರ ಇಪ್ಪತ್ತು ಕೊಟ್ಟೆ. ಎಲ್ಲದಕ್ಕೂ ಪೂರ್ತಿ ಕೊಟ್ಟರೆ ಕಾಪಿ ಹೊಡೆದಿದ್ದೇನೆಂದು ಅನುಮಾನ ಬರಬಾರದಲ್ಲ.

ನಮ್ಮ ಪತ್ರಿಕೋದ್ಯಮದ ಮೇಡಂ ಅದನ್ನು ಓದಿ ಕನ್ನಡಕ ತೆಗೆದರು.

“ಇದು ಇಂಟರ್ನಲ್ ಮಾರ್ಕ್ಸ್ ಅಲ್ಲೋ. ಇಪ್ಪತ್ತೈದಕ್ಕ ಇಪ್ಪತ್ತೈದು ಅಂದ್ರ ಎಲ್ಲಾರೂ ಸಾಯೋದು ಗ್ಯಾರಂಟಿ ಅಂತ ಅರ್ಥ. ಡಿಸ್ಟಿಂಕ್ಷನ್ನಾಗ ಸಾಯಿಸೀದಿ ನೋಡು.”

ನಾನು ಕೂಡಲೇ ಪೆನ್ನು ತೆಗೆದು ಎಲ್ಲದಕ್ಕೂ ಒಂದೊಂದು ಹಾಕಲು ಹೋದೆ. ಅವರು ಪೆನ್ನು ಕಿತ್ತುಕೊಂಡರು. ಹೊಳೆಯಲ್ಲಿ ಬಿದ್ದರೆ ಪೆಟ್ಟು ಯಾವಾಗಲೂ ಐದೇ, ಅದನ್ನು ನೀನು ಇಳಿಸಲಾರೆ. ಇಳಿಸಬಹುದಾದದ್ದು ಬೀಳುವ ಸಾಧ್ಯತೆಯನ್ನು, ಅದೂ ಏನಾದರೂ ಮಾಡಿದರೆ ಮಾತ್ರ, ಬರೆದರೆ ಅಲ್ಲ ಎಂದರು. ಮೊದಲು ಜಾಗಕ್ಕೆ ಹೋಗು, ನೀರಿನ ಬಗ್ಗೆ ಗೊತ್ತಿರುವವರನ್ನು ಕೇಳು, ಕೋಣೆಯಲ್ಲಿ ಕುಳಿತು ಹೊಳೆ ಬರೆಯಬೇಡ ಎಂದು ಕಳಿಸಿದರು.

ನಮ್ಮೂರಲ್ಲಿ ಹರಿಗೋಲು ಇಟ್ಟುಕೊಂಡವನು ಈಗ ಒಬ್ಬನೇ, ಆಚೆ ದಂಡೆಯಲ್ಲಿ ಹೊಲ ಇರುವವರನ್ನು ದಾಟಿಸುವ ಅಂಬಿಗ ಕಾಕಾ. ಅಕ್ಕನನ್ನು ದಾಟಿಸಿದವನೂ ಅವನೇ. ಅಪಾಯ ಏನೇನಿದೆ ಎಂದು ಕೇಳಿದರೆ, ಏನೂ ಇಲ್ಲ ಎಂದ. ನಾನು ಖುಷಿಯಾಗಿ ಬರೆದುಕೊಂಡೆ. ಬೀಡಿ ಹಚ್ಚಿ ಅವನು ಮುಂದುವರಿಸಿದ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ, ಪಂಚಾಯಿತಿಯವರು ಮೈಕಿನಲ್ಲಿ ಕೂಗಿದ ಮೇಲೆ ಇಳಿಯುವ ಹಾಗಿಲ್ಲ. ಮಧ್ಯಾಹ್ನದ ಮೇಲೆ ಗಾಳಿ. ಆ ಬಂಡೆಯ ಕೆಳಗೆ ಸುಳಿ.

“ಆ ಕರೀ ಬಂಡಿ ಮ್ಯಾಲ ಮುಂಜಾನಿ ಮೊಸಳಿ ಬಿಸಲಿಗಿ ಬಂದು ಮಲಗ್ತಾವ,” ಎಂದ, ನೆರೆಮನೆಯವರ ಬಗ್ಗೆ ಹೇಳುವ ಹಾಗೆ. “ಅದರ ಕಡಿ ಹೋಗಬಾರ್ದು. ಅಷ್ಟ ನೋಡು, ಮತ್ತೇನಿಲ್ಲ.”

‘ಏನೂ ಇಲ್ಲ’ ಎಂಬುದರ ಕೆಳಗೆ ನಾಲ್ಕು ಸಾಲು ಸೇರಿದವು. ಮೊಸಳೆಯ ಸಾಲನ್ನು ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಬರೆದೆ.

ಎರಡನೇ ಪಟ್ಟಿ ಚೆಂದಾಗಿ ಬಂತು. ಲೈಫ್ ಜಾಕೆಟ್, ದಂಡೆಯಿಂದ ಎಸೆಯುವ ಹಗ್ಗ, ಈಜು ಬಲ್ಲವರೊಬ್ಬರು, ಹತ್ತಿರದ ಆಸ್ಪತ್ರೆ ಮತ್ತು ಅಲ್ಲಿಗೆ ಕರೆದೊಯ್ಯಲು ಒಂದು ಗಾಡಿ, ದಂಡೆಯ ಮೇಲೆ ಫೋನಿಗೆ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದರ ಸಮೇತ. ಕಮಿಟಿಯ ಮುಂದೆ ಎದೆ ಉಬ್ಬಿಸಿ ನಿಂತೆ. ಪ್ರಿನ್ಸಿಪಾಲರು, ಮೇಡಂ, ಆಟದ ಸರ್, ಮೂವರೇ. ಪ್ರಿನ್ಸಿಪಾಲರು ಮೊಸಳೆಯ ಸಾಲನ್ನು ಎರಡು ಸಲ ಓದಿ ನೀರು ಕುಡಿದರು.

ಆಟದ ಸರ್ ಬೆರಳಿನಿಂದ ‘ಯಾರಿಗೆ ಅಪಾಯ’ ಎಂಬ ಅಂಕಣವನ್ನು ಮೇಲಿಂದ ಕೆಳಗೆ ಗೀರಿದರು. ಅಂಬಿಗ ಇದ್ದಾನೆ, ದಂಡೆಯ ಮೇಲಿನ ಹುಡುಗನಾಗಿ ನಟಿಸುವವನು ಇದ್ದಾನೆ, ನೋಡಲು ಬರುವ ಊರವರೂ ಇದ್ದಾರೆ.

“ಕ್ಯಾಮೆರಾ ಯಾರು ಹಿಡೀತಾರ?”

“ನಾನೇ ಸರ್.”

“ನೀ ಎಲ್ಲದಿ ಇದರಾಗ?”

ನಾನು ಇರಲಿಲ್ಲ. ಮೂರು ಪುಟದಲ್ಲಿ ಎಲ್ಲೂ ಇರಲಿಲ್ಲ. ಸರ್ ನಿಧಾನವಾಗಿ ವಿವರಿಸಿದರು. ಶೂಟಿಂಗಿನಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯ ಕ್ಯಾಮೆರಾ ಹಿಡಿದವನಿಗೆ, ಯಾಕೆಂದರೆ ಅವನ ಕಣ್ಣು ಚೌಕಟ್ಟಿನೊಳಗಿರುತ್ತದೆ, ಕಾಲು ಎಲ್ಲಿದೆ ಎಂದು ಅವನಿಗೇ ಗೊತ್ತಿರುವುದಿಲ್ಲ. ಆಮೇಲೆ ಈಜು ಬರುತ್ತದೆಯೇ ಎಂದು ಕೇಳಿದರು. ಹೊಳೆಯ ದಂಡೆಯವನು ನಾನು, ಬರುವುದಿಲ್ಲ ಎಂದು ಹೇಗೆ ಹೇಳಲಿ? ಬರುತ್ತದೆ ಎಂದೆ. ಎಲ್ಲಿ ಕಲಿತೆ ಎಂದರು. ಮನೆಯಲ್ಲಿ ಎಂದುಬಿಟ್ಟೆ. ಮೇಡಂ ಮುಖ ಮುಚ್ಚಿಕೊಂಡರು. ಪ್ರಿನ್ಸಿಪಾಲರು ಮತ್ತೊಮ್ಮೆ ನೀರು ಕುಡಿದರು.

ಒಪ್ಪಿಗೆ ಇಲ್ಲ ಎಂದೇ ಬರೆಯಲು ಹೊರಟಿದ್ದರು. ಇನ್ನು ಹತ್ತು ದಿನದಲ್ಲಿ ಸಿನಿಮಾ ಕೊಡಬೇಕು, ಮಳೆಗಾಲ ಹತ್ತಿದರೆ ಹೊಳೆ ಯಾರ ಮಾತೂ ಕೇಳುವುದಿಲ್ಲ. ಮೇಡಂ ಆಗ ಫಾರಮ್ಮಿನ ಕೊನೆಯ ಪ್ರಶ್ನೆಗೆ ಹೋದರು. ಈ ಕೆಲಸವನ್ನು ಮನುಷ್ಯ ನೀರಿಗಿಳಿಯದೆ ಮಾಡಲು ಸಾಧ್ಯವೇ? ನಾನು ‘ಇಲ್ಲ’ ಎಂದು ಬರೆದಿದ್ದೆ. ಯಾಕಿಲ್ಲ ಎಂದು ಕೇಳಿದರು. ಸೇತುವೆಯ ಮೇಲಿಂದ ತೆಗಿ ಎಂದರೆ, ಅಲ್ಲಿ ನಡೆಯುವವರಿಗೆ ಜಾಗವಿಲ್ಲ, ಮರಳಿನ ಲಾರಿ ಓಡುತ್ತವೆ, ಆಗ ರಸ್ತೆಗೆ ಇನ್ನೊಂದು ಪಟ್ಟಿ ಬೇಕು ಎಂದೆ. ಸೇತುವೆಯಿಂದ ತೆಗೆದರೆ ಹೊಳೆ ಕಾಣುತ್ತದೆ, ಅಕ್ಕ ಕಂಡದ್ದು ಕಾಣುವುದಿಲ್ಲ. ಇದನ್ನು ಹೇಳುವಾಗ ಅಕ್ಕನ ವಿಷಯ ಬಾಯಿಂದ ಬಂದುಬಿಟ್ಟಿತು. ಅಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ. ಜೋಕು ಸೇರಿಸಲು ನೋಡಿದೆ, ಒಂದೂ ನೆನಪಾಗಲಿಲ್ಲ.

ಆಮೇಲೆ ಆಟದ ಸರ್ ಹೇಳಿದ್ದು ಇಷ್ಟು: ಕ್ಯಾಮೆರಾ ಹೋಗಲಿ, ನೀನು ಬೇಡ. ಹರಿಗೋಲಿನ ಅಂಚಿಗೆ ಕ್ಯಾಮೆರಾ ಬಿಗಿದು ಕಟ್ಟಿ, ಅಂಬಿಗನೊಬ್ಬನೇ ಹೋಗಲಿ, ಜಾಕೆಟ್ ಹಾಕಿಕೊಂಡು. ಬಂಡೆಯಿಂದ ದೂರ, ಆಳವಿಲ್ಲದ ಕಡೆ. ಹರಿಗೋಲಿಗೊಂದು ಹಗ್ಗ, ಅದರ ತುದಿ ಸರ್ ಕೈಯಲ್ಲಿ, ಹಗ್ಗ ಮುಗಿದಲ್ಲಿ ಶಾಟ್ ಮುಗಿಯಿತು. ದಂಡೆಯ ಮೇಲೆ ನಿಲ್ಲುವವನು ನೀರಿನಿಂದ ಹತ್ತು ಹೆಜ್ಜೆ ಹಿಂದೆ. ಸಾಕು ಎಂದು ನಿಲ್ಲಿಸುವ ಅಧಿಕಾರ ಮೇಡಂ ಅವರದು, ಡೈರೆಕ್ಟರನದಲ್ಲ. ಎಲ್ಲ ಬರೆದು ಮತ್ತೆ ಅಂಕ ಹಾಕಿದಾಗ ಇಪ್ಪತ್ತೈದು ಐದಕ್ಕಿಳಿಯಿತು. ನನ್ನ ಜೀವನದಲ್ಲಿ ಅಂಕ ಇಳಿದದ್ದಕ್ಕೆ ಸಂತೋಷಪಟ್ಟದ್ದು ಅದೊಂದೇ ಸಲ. ಮೂವರೂ ಸಹಿ ಹಾಕಿದರು.

ಶೂಟಿಂಗಿನ ದಿನ ಅಂಬಿಗ ಕಾಕಾ ಜಾಕೆಟ್ ಒಲ್ಲೆ ಎಂದ. ಸರ್ ಅದನ್ನು ಅಗ್ನಿಶಾಮಕ ಠಾಣೆಯಿಂದ ಕೇಳಿ ತಂದಿದ್ದರು. “ನಾ ಹೊಳ್ಯಾಗ ಹುಟ್ಟಿದಾಂವ, ನನಗ್ಯಾಕರಿ ಈ ಗಾದಿ?” ಎಂದು ವಾದಿಸಿದ. ಮೇಡಂ, ಹಾಕಿಕೊಳ್ಳದಿದ್ದರೆ ಎಲ್ಲರೂ ಶಹಾಪುರಕ್ಕೆ ವಾಪಸ್ ಎಂದರು. ಹಾಕಿಕೊಂಡ. ಅವನು ಕ್ಯಾಮೆರಾದ ಹಿಂದೆ ಕೂಡುವವನು, ಶಾಟಿನಲ್ಲಿ ಕಾಣುವುದಿಲ್ಲ ಎಂಬುದೊಂದೇ ನನ್ನ ಪುಣ್ಯ. ಮೂಟೆ ಕಟ್ಟಿದ ಹತ್ತಿಯಂತೆ ಕಾಣುತ್ತಿದ್ದ.

ಹುಡುಗನ ಪಾತ್ರಕ್ಕೆ ಗೊತ್ತು ಮಾಡಿದ್ದ ಗೆಳೆಯ ಮೊಸಳೆಯ ಸುದ್ದಿ ಕೇಳಿ ಬೆಳಗಿನ ಬಸ್ಸನ್ನೇ ಹತ್ತಿರಲಿಲ್ಲ. ಕ್ಯಾಮೆರಾ ಹಿಡಿಯುವ ಕೆಲಸ ನನಗೆ ಉಳಿದಿರಲಿಲ್ಲ. ಮೇಡಂ ಪಟ್ಟಿಯಲ್ಲಿ ಅವನ ಹೆಸರು ಹೊಡೆದು ನನ್ನ ಹೆಸರು ಬರೆದು ಪಕ್ಕದಲ್ಲಿ ಸಹಿ ಹಾಕಿದರು. ಕೊನೆಗೂ ನಾನು ಪಟ್ಟಿಗೆ ಬಂದೆ. ಸರ್ ಹತ್ತು ಹೆಜ್ಜೆ ಎಣಿಸಿ ಮರಳಿನಲ್ಲಿ ಕೋಲಿನಿಂದ ಗೀರು ಎಳೆದು, ಇದನ್ನು ದಾಟಿದರೆ ಕಾಲು ಮುರಿಯುತ್ತೇನೆ ಎಂದರು. ಆ ಅಪಾಯವನ್ನು ಯಾರೂ ಬರೆದಿರಲಿಲ್ಲ.

ಹರಿಗೋಲು ಬಿಟ್ಟಿತು. ಅದರಲ್ಲಿ ಅಕ್ಕ ಇರಲಿಲ್ಲ, ಒಂದು ಕ್ಯಾಮೆರಾ ಇತ್ತು. ಆದರೂ ಅದು ಸಣ್ಣಗಾಗತೊಡಗಿದಾಗ ನನ್ನ ಕಾಲು ಗೀರು ದಾಟಿದ್ದು ನನಗೆ ತಿಳಿಯಲೇ ಇಲ್ಲ. ಮೇಡಂ ‘ಸಾಕು’ ಎಂದು ಕೂಗಿದರು. ಸರ್ ಹಗ್ಗ ಎಳೆದರು. ಎರಡನೇ ಸಲ ನಾನು ಗೀರಿನ ಹಿಂದೆಯೇ ನಿಂತೆ, ಕೈಯೆತ್ತಿ ಬೀಸಿದೆ, ಹಗ್ಗ ಬಿಗಿಯಾಯಿತು, ಮುಗಿಯಿತು. ಶಾಟಿನ ಕೊನೆಯಲ್ಲಿ ನಾನು ಹೆಬ್ಬೆರಳಿನಷ್ಟು ಇದ್ದೆ. ಚುಕ್ಕೆಯಾಗಬೇಕಿತ್ತು, ಅಷ್ಟು ಹಗ್ಗ ಇರಲಿಲ್ಲ.

ಸಂಜೆ ಅದನ್ನು ಅಕ್ಕನಿಗೆ ಕಳಿಸಿದೆ. ಅವಳು ಫೋನ್ ಮಾಡಿದಾಗ ಹಿಂದೆ ಕುಕ್ಕರು ಕೂಗುತ್ತಿತ್ತು, ಮಕ್ಕಳು ಜಗಳಾಡುತ್ತಿದ್ದವು. ಆ ದಿನ ನಿನಗೆ ಹೀಗೇ ಕಾಣಿಸಿದ್ದೆನಾ ಎಂದು ಕೇಳಿದೆ. ಹೌದು ಎನ್ನಲಿ ಎಂದು ಕಾದೆ.

“ಇಲ್ಲೋ. ನೀ ಇಷ್ಟು ಹಿಂದ ಎಲ್ಲಿ ನಿಂತಿದ್ದಿ? ಮೊಣಕಾಲ ತನಕ ನೀರಾಗ ಇಳಿದು ಬರ್ಲಾಕತ್ತಿದ್ದಿ.”

“ನೀ ಕೈ ಬೀಸಿ ಕರ್ಯಾಕತ್ತಿದ್ದಿ ಅಲ್ಲ?”

“ನಿನ್ನ ಎಲ್ಲಿ ಕರೆದೆ ನಾ? ‘ಅವನ್ನ ಹಿಡಕೋ’ ಅಂತ ಅವ್ವಗ ಕೈ ಮಾಡಾಕತ್ತಿದ್ನಿ. ಅವ್ವ ನಿನ್ನ ಹಿಡಕೊಂಡಿದ್ದ ಕಾಣಾತನ ಜೀವದಾಗ ಜೀವ ಇದ್ದಿಲ್ಲ ನಂದು.”

ಹದಿನೈದು ವರ್ಷ ಅವಳು ನನ್ನನ್ನು ಕರೆಯುತ್ತಿದ್ದಳೆಂದೇ ಇಟ್ಟುಕೊಂಡಿದ್ದೆ. ಈಗ ಹತ್ತು ಹೆಜ್ಜೆ ಹಿಂದೆ ನಿಂತಿದ್ದೆ, ಕಮಿಟಿಯವರು ಹಾಗೇ ಬರೆಸಿದ್ದಾರೆ ಎಂದೆ.

“ಚಲೋ ಮಾಡ್ಯಾರ,” ಎಂದಳು ಅಕ್ಕ. ಕುಕ್ಕರು ಇನ್ನೊಮ್ಮೆ ಕೂಗಿತು. ಅವಳು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.