ಅರ್ಜಿಯಲ್ಲದ ಪತ್ರ

ಬಳ್ಳಾರಿಯ ಗಾಂಧಿನಗರದ ಒಂದು ಡಿಟಿಪಿ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷ ಅರ್ಜಿ ಟೈಪ್ ಮಾಡಿದೆ. ವಿಧವಾ ವೇತನದ ಅರ್ಜಿ, ರೇಷನ್ ಕಾರ್ಡಿನ ಅರ್ಜಿ, ನಳ ಬರುತ್ತಿಲ್ಲ ಎಂಬ ಅರ್ಜಿ. ಎಲ್ಲದರ ತಲೆಯೂ ಬಾಲವೂ ಒಂದೇ. 'ತಮ್ಮಲ್ಲಿ ವಿನಯಪೂರ್ವಕವಾಗಿ ಬೇಡಿಕೊಳ್ಳುವುದೇನೆಂದರೆ' ಎಂದು ಶುರುವಾಗಿ 'ದಯಮಾಡಿ ಕೃಪೆ ತೋರಬೇಕು' ಎಂದು ಮುಗಿಯಬೇಕು. ನಡುವಿನ ನಾಲ್ಕು ಸಾಲು ಮಾತ್ರ ಬಂದವರ ಕಷ್ಟಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಕಣ್ಣು ಮುಚ್ಚಿ ಟೈಪ್ ಮಾಡಬಲ್ಲೆ ಎಂದು ಜಂಬ ಪಡುತ್ತಿದ್ದೆ. ಆ ಭಾಷೆ ನನ್ನೊಳಗೇ ಮನೆ ಮಾಡಿದೆ ಎಂಬುದು ಗೊತ್ತಿರಲಿಲ್ಲ.

ಎಲ್ಲ ತಪ್ಪನ್ನೂ ಅಂಗಡಿಯ ಮೇಲೆ ಹೊರಿಸಿದರೆ ಸುಳ್ಳಾಗುತ್ತದೆ. ಅಪ್ಪ ತೀರಿದ ಮೇಲೆ ನಾನು ಬೆಳೆದದ್ದು ಸಿರುಗುಪ್ಪದಲ್ಲಿ, ದೊಡ್ಡಪ್ಪನ ಮನೆಯಲ್ಲಿ. ಪಡಸಾಲೆಯಲ್ಲಿ ತೊಲೆ ಮುಟ್ಟುವಷ್ಟು ಭತ್ತದ ಚೀಲ ಒಟ್ಟಿರುತ್ತಿದ್ದ ಮನೆ ಅದು. ಅಲ್ಲಿ ಎರಡನೇ ಸಲ ಅನ್ನ ಬೇಕಾದರೆ ನಾನು "ತಪ್ಪು ತಿಳ್ಕೋಬ್ಯಾಡ್ರಿ ದೊಡ್ಡವ್ವ" ಎಂದು ಶುರು ಮಾಡುತ್ತಿದ್ದೆ. ಹಾಗೆ ಕೇಳು ಎಂದು ಯಾರೂ ಕಲಿಸಿರಲಿಲ್ಲ. ಹಾಗೆ ಕೇಳಬೇಡ ಎಂದು ಯಾರೂ ಹೇಳಲೂ ಇಲ್ಲ.

ವಯಸ್ಸು ಮೂವತ್ತೆಂಟಾಗುವ ಹೊತ್ತಿಗೆ ನಾನು ಬಳ್ಳಾರಿಯಲ್ಲಿ ಒಂದು ಕೋಣೆಯ ಬಾಡಿಗೆದಾರಳು. ಗಣಿ ಜೋರಾಗಿದ್ದ ಕಾಲ. ನಿನ್ನೆವರೆಗೆ ಸೈಕಲ್ಲು ತುಳಿಯುತ್ತಿದ್ದವರು ಇವತ್ತು ಬಿಳಿ ಕಾರಿನಿಂದ ಇಳಿಯುತ್ತಿದ್ದರು. ಪಕ್ಕದ ಕೋಣೆಗಳಿಗೆ ಗಣಿ ಆಫೀಸಿನ ಹುಡುಗರು ಬರುತ್ತಿದ್ದರು, ಹೋಗುತ್ತಿದ್ದರು, ಹೆಸರು ತಿಳಿಯುವಷ್ಟರಲ್ಲಿ ಬೇರೆಯವರು ಬಂದಿರುತ್ತಿದ್ದರು. ಊರ ತುಂಬಾ ಜನ. ನನ್ನ ಬಾಗಿಲು ಮಾತ್ರ ವಾರಗಟ್ಟಲೆ ಯಾರೂ ತಟ್ಟುತ್ತಿರಲಿಲ್ಲ. ಭಾನುವಾರ ಬಂದರೆ ಹೆದರಿಕೆಯಾಗುತ್ತಿತ್ತು.

ಆಮೇಲೆ ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆದ ಕುರುಗೋಡಿನ ಮುಸ್ಲಿಂ ಹೆಂಗಸು ಸಿಕ್ಕಿದ್ದು ಅಂಥ ದಿನಗಳಲ್ಲಿ. ವಿಧವಾ ವೇತನ ನಿಂತುಹೋಗಿದೆ ಎಂದು ಅರ್ಜಿ ಮಾಡಿಸಲು ಅಂಗಡಿಗೆ ಬಂದಿದ್ದಳು. ಕಂಕುಳಲ್ಲಿ ಜೀನ್ಸ್ ಬಟ್ಟೆಯ ಚೂರುಗಳ ದೊಡ್ಡ ಗಂಟು. ಬಳ್ಳಾರಿಯ ಜೀನ್ಸ್ ಹೊಲಿಯುವ ಕಡೆಯಿಂದ ಕಿಲೋ ಲೆಕ್ಕದಲ್ಲಿ ತಂದದ್ದಂತೆ. ಯಾತಕ್ಕೆ ಎಂದು ಕೇಳಿದೆ.

"ಕೌದಿಗವ್ವ. ಒಂದಿನ ಬಾ, ನೋಡೀಯಂತ" ಅಂದಳು.

ಅವಳು ಬಾಯಿಮಾತಿಗೆ ಅಂದಿರಬಹುದು. ನಾನು ಮುಂದಿನ ಭಾನುವಾರವೇ ಬಸ್ಸು ಹತ್ತಿದೆ. ಆಮೇಲೆ ಎರಡು ವರ್ಷ, ಹೆಚ್ಚುಕಡಿಮೆ ಪ್ರತಿ ಭಾನುವಾರ ಅವಳ ಮನೆಯ ಕಟ್ಟೆಯ ಮೇಲೆ ಕೂತೆ. ಅವಳು ಚೂರುಬಟ್ಟೆ ಜೋಡಿಸಿ ಹಾಸಲು ಹೊದೆಯಲು ಕೌದಿ ಹೊಲಿಯುತ್ತಿದ್ದಳು, ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಮಾತು ಕಡಿಮೆ. ಅಷ್ಟಾದರೂ ವಾರವೆಲ್ಲ ನಾನು ಆ ಕಟ್ಟೆಯನ್ನೇ ಕಾಯುತ್ತಿದ್ದೆ.

ಅವಳ ಕೌದಿ ಬೇರೆಯವರ ಕೌದಿಯಂತಲ್ಲ. ಮೇಲಿನ ಮಗ್ಗುಲು ಹಳೆಯ ನೂಲಿನ ಸೀರೆ, ಮೆತ್ತಗೆ. ಅಡಿಯ ಮಗ್ಗುಲು ಪೂರ್ತಿ ಜೀನ್ಸ್ ಚೂರು. ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳು ದಿನಗಟ್ಟಲೆ ಸಾಲು ನಿಲ್ಲುತ್ತಿದ್ದವಲ್ಲ, ಅವುಗಳ ಡ್ರೈವರುಗಳು ಗಾಡಿಯ ಕೆಳಗೇ ಮಲಗುತ್ತಿದ್ದರು. ಜಲ್ಲಿ ಚುಚ್ಚಬಾರದು, ಕೆಂಪು ಧೂಳು ಜಾಡಿಸಿದರೆ ಹೋಗಬೇಕು. ಖಾಲಾಳ ಅಳಿಯ ಕೌದಿಗಳನ್ನು ಅಲ್ಲಿಗೆ ಒಯ್ದು ಮಾರಿ ಬರುತ್ತಿದ್ದ. ಗಣಿ ಬಾರದಿದ್ದರೆ ಇಂಥ ಕೌದಿಯೇ ಹುಟ್ಟುತ್ತಿರಲಿಲ್ಲ.

ಗಣಿಯ ಬಗ್ಗೆ ಪೇಪರಿನಲ್ಲಿ ದಿನಾ ಏನೇನೋ ಬರುತ್ತಿತ್ತು. ಇದು ಬಂದಿರಲಿಲ್ಲ. ಇದನ್ನು ನಾನು ಬರೆಯಬೇಕು ಎಂಬ ಆಸೆ ಹುಟ್ಟಿತು. ಸಣ್ಣ ಆಸೆಯಲ್ಲ, ಅರ್ಜಿ ಟೈಪ್ ಮಾಡುವಾಗಲೂ ಬಿಡದ ಆಸೆ. ಖಾಲಾಗೂ ಹೇಳಿದೆ, "ನಿನ್ನ ಕೌದಿ ಬಗ್ಗೆ ನಾನು ಬರೀತೀನಿ" ಎಂದು. ಅವಳು ನಕ್ಕು, "ಬರಿ ಮತ್ತ" ಅಂದಳು. ಬೆಂಗಳೂರಿನ ಒಂದು ಪತ್ರಿಕೆಯ ವಾರದ ಪುರವಣಿಯ ಸಂಪಾದಕರಿಗೆ ಪತ್ರ ಹಾಕಿದೆ. ಅದರ ಪ್ರತಿ ನನ್ನ ಹತ್ತಿರ ಇನ್ನೂ ಇದೆ. ಓದಿದರೆ ಈಗಲೂ ಮೈ ಉರಿಯುತ್ತದೆ:

'ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುತ್ತಿರುವುದಕ್ಕೆ ಮೊದಲಿಗೆ ಕ್ಷಮೆ ಕೋರುತ್ತೇನೆ. ನಾನೇನೂ ದೊಡ್ಡ ಲೇಖಕಿಯಲ್ಲ. ನನ್ನ ಅಲ್ಪ ತಿಳಿವಳಿಕೆಯ ಪ್ರಕಾರ, ಕುರುಗೋಡಿನಲ್ಲಿ ಕೌದಿ ಹೊಲಿಯುವವರ ಬಗ್ಗೆ ಬಹುಶಃ ಒಂದು ಸಣ್ಣ ಲೇಖನ ಆಗಬಹುದೇನೋ ಅನ್ನಿಸುತ್ತದೆ. ನನಗಿಂತ ತಿಳಿದವರು ಬರೆದರೆ ಇನ್ನೂ ಚೆನ್ನಾಗಿರುತ್ತದೆ. ತಪ್ಪಿದ್ದರೆ ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು.'

ನೋಡಿ, ಐದು ಸಾಲು. ಜೀನ್ಸ್ ಇಲ್ಲ, ಲಾರಿ ಇಲ್ಲ, ಡ್ರೈವರು ಇಲ್ಲ. ಹೇಳಬೇಕಾದ ಸಂಗತಿಯನ್ನು ಬಿಟ್ಟು ಉಳಿದದ್ದೆಲ್ಲ ಇದೆ. 'ಬಹುಶಃ', 'ಆಗಬಹುದೇನೋ', 'ಅನ್ನಿಸುತ್ತದೆ', ಒಂದೇ ವಾಕ್ಯದಲ್ಲಿ ಮೂರು ಸಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದೇನೆ.

ಉತ್ತರ ಬೇಗ ಬಂತು, ಕಾರ್ಡಿನಲ್ಲಿ. 'ಒಳ್ಳೆಯ ಸಲಹೆಗೆ ವಂದನೆಗಳು. ತಾವು ಸೂಚಿಸಿದಂತೆ ನಮ್ಮ ಅನುಭವಿ ಬರಹಗಾರರೊಬ್ಬರು ಬರುತ್ತಾರೆ. ದಯವಿಟ್ಟು ಅವರಿಗೆ ನೆರವಾಗಿ.'

ಸಂಪಾದಕರದು ಏನೂ ತಪ್ಪಿಲ್ಲ. ನನಗಿಂತ ತಿಳಿದವರು ಬರೆಯಲಿ ಎಂದು ನಾನೇ ಬರೆದಿದ್ದೆ, ಅವರು ಅಕ್ಷರಶಃ ನಂಬಿದರು. ನನ್ನ ಕಾಲ ಮೇಲೆ ಕಲ್ಲು ಹಾಕಿಕೊಂಡವಳು ನಾನೇ.

ಬಂದವರನ್ನು ಕುರುಗೋಡಿಗೆ ಕರೆದುಕೊಂಡು ಹೋದೆ. ಅಲ್ಲೂ ನಾನು ಬಾಯಿ ಬಿಡಲಿಲ್ಲ. ಅವರು ಒಂದು ತಾಸು ಇದ್ದರು, ಓಣಿಯವರು ಒಣಹಾಕಿದ್ದ ಕೌದಿಗಳ ಫೋಟೋ ತೆಗೆದರು, ಖಾಲಾಳ ಮನೆಯಲ್ಲಿ ಚಹಾ ಕುಡಿದು, ಅವಳ ಕೌದಿಯ ಅಡಿಮಗ್ಗುಲು ನೋಡದೆಯೇ ಕಾರು ಹತ್ತಿದರು. ಇಡೀ ಹೊತ್ತು ನಾನು ಬಾಗಿಲ ಪಕ್ಕದಲ್ಲಿ ನಿಂತಿದ್ದೆ. ಸಂಜೆ ಒಬ್ಬಳೇ ಬಸ್ಸಿನಲ್ಲಿ ಬರುವಾಗ ಅಳು ಬಂತು. ಕಂಡಕ್ಟರ್ ಟಿಕೆಟ್ ಕೊಟ್ಟು ಏನೂ ಕೇಳದೆ ಮುಂದೆ ಹೋದ. ಯಾರಾದರೂ ಕೇಳಲಿ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ.

ಲೇಖನ ಅಚ್ಚಾಯಿತು. ಚೆಂದವೇ ಇತ್ತು, ಅದು ಇನ್ನೂ ಸಂಕಟ. ಅಜ್ಜಿಯರ ಸೀರೆ, ಅಮ್ಮನ ಮಡಿಲು, ನೆನಪಿನ ಬೆಚ್ಚಗಿನ ಹೊದಿಕೆ ಎಂದೆಲ್ಲ ಬರೆದಿದ್ದರು. ಪುರವಣಿಯನ್ನು ಕುರುಗೋಡಿಗೆ ಒಯ್ದು ಖಾಲಾಗೆ ಓದಿ ಹೇಳಿದೆ. ಅವಳು ಸೂಜಿ ನಿಲ್ಲಿಸದೆ ಕೇಳಿದಳು.

"ಇದು ಯಾರ ಕೌದಿ? ನಂದಲ್ಲ ಬಿಡು" ಅಂದಳು. ದಾರ ಎಳೆದು, "ನೀ ಬರೀತೀನಿ ಅಂದಿದ್ದಿ. ಆತ ಯಾಕ ಬರದ?"

"ಆತ ನನಗಿಂತ ಚಲೋ ಬರೀತಾನಂತ, ಖಾಲಾ."

"ಯಾರಂದ್ರು ಹಂಗ?"

ಪುರವಣಿಯನ್ನು ಮಡಿಸಿದೆ. "ನಾನ ಅಂದೆ."

ಅವಳು ತಲೆ ಎತ್ತಿ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಮತ್ತೆ ಹೊಲಿಗೆಗೆ ಬಗ್ಗಿದಳು. ಅವತ್ತು ದಾರ ಪೋಣಿಸಲು ಅವಳು ನನಗೆ ಸೂಜಿ ಕೊಡಲಿಲ್ಲ, ಮಂಜುಗಣ್ಣಿನಲ್ಲಿ ತಾನೇ ಪೋಣಿಸಿಕೊಂಡಳು.

ಅಂಗಡಿಯ ಮಾಲೀಕರು ವಯಸ್ಸಾದವರು, ಬಾಯಿ ಸ್ವಲ್ಪ ಹರಿತ. ಅವರಿಗೆ ಹಳೆಯ ಪತ್ರ ತೋರಿಸಿದೆ. ಕನ್ನಡಕ ಏರಿಸಿ ಓದಿ, "ಅತಿ ವಿನಯಂ ಧೂರ್ತ ಲಕ್ಷಣಂ ಅಂತಾರಮ್ಮ. ನೀ ಧೂರ್ತೆ ಅಲ್ಲ, ಪುಕ್ಕಲಿ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇದು ಅರ್ಜಿ. ಅರ್ಜಿ ಹಾಕೋರು ಏನಾರ ಬೇಡಾಕ ಬಂದಿರ್ತಾರ. ನೀ ಬೇಡಾಕ ಹೋಗಿದ್ಯೋ, ಕೊಡಾಕ ಹೋಗಿದ್ಯೋ?" ಎಂದರು.

ಮುಂದಿನ ಭಾನುವಾರ ಕುರುಗೋಡಿಗೆ ಹೋಗುವ ಧೈರ್ಯವಾಗಲಿಲ್ಲ. ಕೋಣೆಯಲ್ಲಿ ಕೂತು ಬರೆದೆ. ಮೊದಲ ಸಲ ಸಿಟ್ಟು ಬರೆಯಿತು: 'ನಿಮ್ಮವರಿಗೆ ಕೌದಿಯ ಗಂಧವೇ ಇಲ್ಲ.' ಓದಿದರೆ ಅದೂ ಒಂದು ಹೆದರಿಕೆಯೇ, ದನಿ ಏರಿಸಿದ್ದು ಅಷ್ಟೇ. ಹರಿದೆ. ಎರಡನೇ ಸಲ ಹಳೇ ಚಾಳಿ, ಕೈ ತಾನಾಗಿ 'ಕ್ಷಮೆ ಇರಲಿ' ಎಂದು ಶುರು ಮಾಡಿತ್ತು. ಅದನ್ನು ಹೊಡೆದುಹಾಕಿದೆ. 'ಬಹುಶಃ' ಇದ್ದ ಕಡೆಯೆಲ್ಲ ನಿಂತು ಕೇಳಿಕೊಂಡೆ: ಇದು ನನಗೆ ಗೊತ್ತೋ, ಗೊತ್ತಿಲ್ಲವೋ? ಗೊತ್ತಿದ್ದರೆ 'ಬಹುಶಃ' ಏಕೆ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆದರಾಯಿತು. ಒಂದೊಂದು ಮಾತು ತೆಗೆದಾಗಲೂ ಚಪ್ಪಲಿಯಿಲ್ಲದೆ ಬೀದಿಗೆ ಇಳಿದಂತೆ ಕಾಲು ಹಿಂಜರಿಯುತ್ತಿತ್ತು. ಕೊನೆಗೆ ಉಳಿದದ್ದು ಇಷ್ಟು:

'ಮಾನ್ಯರೇ, ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳ ಕೆಳಗೆ ಮಲಗುವ ಡ್ರೈವರುಗಳು ಕುರುಗೋಡಿನಲ್ಲಿ ಹೊಲಿದ ಕೌದಿ ಹಾಸಿಕೊಳ್ಳುತ್ತಾರೆ. ಅದರ ಮೇಲ್ಮಗ್ಗುಲು ಹಳೆಯ ಸೀರೆ, ಅಡಿಮಗ್ಗುಲು ಬಳ್ಳಾರಿಯ ಜೀನ್ಸ್ ಚೂರು. ಗಣಿ ಜೋರಾದ ಮೇಲೆ ಹುಟ್ಟಿದ ಕೌದಿ ಇದು. ನಿಮ್ಮ ಪುರವಣಿಯಲ್ಲಿ ಕೌದಿಯ ಬಗ್ಗೆ ಬಂದ ಲೇಖನದಲ್ಲಿ ಈ ಸಂಗತಿ ಇಲ್ಲ. ಇದನ್ನು ಹೊಲಿಯುವ ಹೆಂಗಸಿನ ಪಕ್ಕದಲ್ಲಿ ನಾನು ಎರಡು ವರ್ಷ ಕೂತು ನೋಡಿದ್ದೇನೆ. ಎಷ್ಟು ಮನೆಗಳಲ್ಲಿ ಹೊಲಿಯುತ್ತಾರೆಂದು ನನಗೆ ಗೊತ್ತಿಲ್ಲ. ಕೇಳಿ ತಿಳಿದು ಬರೆಯುತ್ತೇನೆ. ಎಂಟುನೂರು ಪದಗಳ ಲೇಖನ, ಹದಿನೈದು ದಿನದಲ್ಲಿ ಕಳಿಸಬಲ್ಲೆ. ವಂದನೆಗಳು.'

ಹೆಸರು, ವಿಳಾಸ, ಅಂಗಡಿಯ ಫೋನ್ ನಂಬರು ಬರೆದೆ. ಬಡಾಯಿ ಒಂದೂ ಇರಲಿಲ್ಲ, ಸಂಗತಿಗಳಷ್ಟೇ ಇದ್ದವು. ಸಂಗತಿಗಳು ತಾವೇ ನಿಂತುಕೊಳ್ಳುತ್ತವೆ, ಅವಕ್ಕೆ ನನ್ನ ಕೈಮುಗಿತ ಬೇಕಿಲ್ಲ ಎಂದು ಅವತ್ತು ಗೊತ್ತಾಯಿತು. ನಲವತ್ತರ ಹತ್ತಿರ ಬಂದ ಮೇಲೆ.

ಹತ್ತು ದಿನ ಕಳೆದು ಅಂಗಡಿಗೆ ಫೋನ್ ಬಂತು. ಸಂಪಾದಕರೇ ಮಾತಾಡಿದರು. ಲೇಖನ ಬೇಕು, ಎಂಟುನೂರಲ್ಲ, ಸಾವಿರ ಪದ ಬರೆಯಿರಿ ಎಂದರು. ನಡುವೆ ನೆನಪಾದವರಂತೆ, "ಅಲ್ಲ, ಮೊದಲೊಮ್ಮೆ ಬಳ್ಳಾರಿಯಿಂದ ಯಾರೋ ಕೌದಿಯ ಬಗ್ಗೆ ಪತ್ರ ಬರೆದಿದ್ದರು. ಪಾಪ, ಅವರಿಗೆ ಏನೂ ಗೊತ್ತಿದ್ದಂತೆ ಕಾಣಲಿಲ್ಲ. ನಿಮಗೆ ಪರಿಚಯವೇ?" ಎಂದು ಕೇಳಿದರು.

ಎದುರಿಗೆ ಮಾಲೀಕರು ಪ್ರಿಂಟರಿಗೆ ಹಾಳೆ ತುಂಬುತ್ತಿದ್ದರು. 'ತಪ್ಪಾಯ್ತು ಸರ್' ಎಂಬ ಮಾತು ತುದಿ ನಾಲಿಗೆಯವರೆಗೆ ಬಂದಿತ್ತು.

"ಪರಿಚಯ ಐತ್ರಿ" ಅಂದೆ. "ಆಕಿ ನಾನ. ಆಕಿಗೆ ಎಲ್ಲಾ ಗೊತ್ತಿತ್ತು."

ಕ್ಷಮೆ ಕೇಳಲಿಲ್ಲ, ಸಾವಿರ ಪದ ಯಾವ ತಾರೀಖಿಗೆ ಬೇಕು ಎಂದು ಕೇಳಿದೆ.