ನನ್ನ ರಾಜೀನಾಮೆಯನ್ನು ನಾನೇ ಅಂಗೀಕರಿಸಿದ್ದು

ಕುಣಿಗಲ್ಲಿನಿಂದ ತುಮಕೂರಿನ ಅಂತರಸನಹಳ್ಳಿಯ ಕಂಪನಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ನನ್ನ ಸೊಂಟ ಬಿದ್ದುಹೋಗಿತ್ತು. ಅದು ಹಾಳಾಗಲಿ, ಮನೆ ಸೇರುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. ಕುಣಿಗಲ್ಲಿನದೇ ಒಂದು ಫ್ಯಾಕ್ಟರಿಯಲ್ಲಿ ಇದೇ ಎಚ್‌ಆರ್ ಕೆಲಸ ಸಿಕ್ಕಾಗ ಕುಣಿದಾಡಿಬಿಟ್ಟೆ. ಆದರೆ ರಿಲೀವಿಂಗ್ ಲೆಟರ್ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ ಅಂದರು.

ನಮ್ಮ ಕಂಪನಿಯ ಯಜಮಾನರು ನನ್ನ ರಾಜೀನಾಮೆಯನ್ನು ಓದಲೂ ಇಲ್ಲ.

“ಆಯ್ತಮ್ಮ, ಅಂಗೀಕಾರದ ಲೆಟರ್ ಟೈಪ್ ಮಾಡ್ಕೊಂಡ್ ಬಾ. ಎಲ್ರುದೂ ನೀನೇ ತಾನೇ ಮಾಡೋದು?”

ಮಾಡಿದೆ. ನಿಮ್ಮ ರಾಜೀನಾಮೆಯನ್ನು ಅಂಗೀಕರಿಸಲಾಗಿದೆ, ತಿಂಗಳ ಕೊನೆಯ ದಿನವೇ ನಿಮ್ಮ ಕೊನೆಯ ಕೆಲಸದ ದಿನ ಎಂದು ನನಗೆ ನಾನೇ ತಿಳಿಸಿದೆ. ಸ್ಟೋರ್ಸ್, ಅಕೌಂಟ್ಸ್, ಕ್ಯಾಂಟೀನ್, ಗೇಟು, ಎಲ್ಲರ ನೋ ಡ್ಯೂಸ್ ಸಹಿ ತರತಕ್ಕದ್ದು. ಕಡತ, ಬೀರು ಕೀ, ಪಿಎಫ್ ಲಾಗಿನ್ ಎಲ್ಲವನ್ನೂ ನಿಮ್ಮ ಜಾಗಕ್ಕೆ ಬರುವವರಿಗೆ ಒಪ್ಪಿಸಿ ಅವರ ಸಹಿ ಪಡೆಯತಕ್ಕದ್ದು. ಆಮೇಲೆಯೇ ರಿಲೀವಿಂಗ್ ಲೆಟರ್, ಲೆಕ್ಕ ಚುಕ್ತಾ. ಯಜಮಾನರು ಸಹಿ ಜಡಿದರು. ಕೆಳಗೆ ‘ಒಪ್ಪಿದ್ದೇನೆ’ ಎಂದು ನಾನೂ ಜಡಿದೆ.

ನನ್ನ ಜಾಗಕ್ಕೆ ಬರುವವರು ಯಾರೂ ಇಲ್ಲವೆಂದು ಹೊಳೆದದ್ದು ಆಮೇಲೆ.

“ಆ ಸಾಲೊಂದು ತೆಗೀರಿ ಸಾರ್.”

“ಕಂಪ್ನಿ ರೂಲ್ಸು ಕಣಮ್ಮ. ಬರ್ದಿರೋಳೂ ನೀನೇ.”

ಮೈಯೆಲ್ಲ ಉರಿದುಹೋಯಿತು. ಬೈಯೋಣವೆಂದರೆ ಬರೆದ ಕೈ ನನ್ನದೇ!

ನಾನೇ ಸಂದರ್ಶನ ನಡೆಸಿ ತುಮಕೂರಿನದೇ ಸದಾಶಿವನಗರದ ಒಬ್ಬ ಚುರುಕಾದ ಹುಡುಗಿಯನ್ನು ಆರಿಸಿದೆ. ಆಫರ್ ಲೆಟರನ್ನೂ ಕೊಡಿಸಿದೆ. ಅವಳು ಮುಖ ಸಣ್ಣಗೆ ಮಾಡಿಕೊಂಡು ಕೂತಳು.

“ನಮ್ ಕಂಪ್ನೀಲಿ ಬಿಡ್ತಾ ಇಲ್ಲ ಮೇಡಂ. ನನ್ ಜಾಗಕ್ಕೆ ಯಾರೋ ಸೆಲೆಕ್ಟ್ ಆಗವ್ರೆ. ಆ ಮಹಾತಾಯಿ ಬಂದು ಚಾರ್ಜ್ ತಗೊಂಡ್ರೇನೇ ರಿಲೀವ್ ಮಾಡೋದಂತೆ. ಯಾವಾಗ್ ಬರ್ತಾಳೋ ಏನೋ!”

“ನಿಮ್ ಕಂಪ್ನಿ ಎಲ್ಲಮ್ಮ?”

“ಕುಣಿಗಲ್ಲು ಮೇಡಂ.”

ಆ ಮಹಾತಾಯಿ ನಾನೇ! ನಾನು ಹೋಗದೆ ಅವಳು ಬರುವಂತಿಲ್ಲ, ಅವಳು ಬರದೆ ನಾನು ಹೋಗುವಂತಿಲ್ಲ. ಅವಳಿಗೆ ಹೇಳಿದೆ, ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಆಮೇಲೆ ನನಗೆ ಅಳುವೇ ಬಂತು.

ಕಣ್ಣೊರೆಸಿಕೊಂಡು ನನ್ನ ಲೆಟರನ್ನು ಮತ್ತೆ ಓದಿದೆ. ಬರುವವರ ಸಹಿ ಬೇಕು ಅಂತಿತ್ತೇ ಹೊರತು, ಅವರು ಕೆಲಸಕ್ಕೆ ಸೇರಿರಬೇಕು ಅಂತಿರಲಿಲ್ಲ. ಯಜಮಾನರಿಗೆ ತೋರಿಸಿದೆ. “ಹಾಳಾಗೋಗ್ಲಿ, ಮಾಡ್ಕೊಳ್ರಮ್ಮ” ಅಂದು, ಕುಣಿಗಲ್ಲಿನವರಿಗೂ ಫೋನು ಮಾಡಿ ಒಪ್ಪಿಸಿದರು. ಭಾನುವಾರ ಬೆಳಿಗ್ಗೆ ಅವಳು ಅಂತರಸನಹಳ್ಳಿಗೆ ಬಂದು ನನ್ನ ಬೀರುವಿನಲ್ಲಿದ್ದದ್ದನ್ನೆಲ್ಲ ನೋಡಿ, ಕೀ ತೆಗೆದುಕೊಂಡು ಸಹಿ ಹಾಕಿದಳು. ಮಧ್ಯಾಹ್ನ ಒಂದೇ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋಗಿ, ಅವಳದನ್ನು ನೋಡಿಕೊಂಡು ನಾನು ಸಹಿ ಹಾಕಿದೆ. ತಿಂಗಳ ಕೊನೆಗೆ ನನ್ನ ರಿಲೀವಿಂಗ್ ಲೆಟರನ್ನೂ ನಾನೇ ಟೈಪ್ ಮಾಡಿದೆ.

ಕುಣಿಗಲ್ಲಿನಲ್ಲಿ ಸೇರಿದ ಮೊದಲನೆಯ ದಿನ, ಇನ್ನೂ ಬಿಸಿಲಿರುವಾಗಲೇ ಮನೆಗೆ ಬಂದೆ. ಬಾಗಿಲಲ್ಲಿ ಆಡುತ್ತಿದ್ದ ಮಗಳು ನನ್ನನ್ನು ನೋಡಿ ಗಾಬರಿಯಾದಳು.

“ಯಾಕಮ್ಮ, ಕೆಲ್ಸದಿಂದ ತೆಗ್ದ್‌ಬುಟ್ರಾ?”