ಸ್ಕ್ಯಾನಿಂಗ್ ಕೋಣೆಯ ವಿಮಲಮ್ಮ

ತಿಪಟೂರಿನ ಆಸ್ಪತ್ರೆಯೊಂದರ ಸ್ಕ್ಯಾನಿಂಗ್ ಕೋಣೆಯಲ್ಲಿ ವಿಮಲಮ್ಮ ಹತ್ತೊಂಬತ್ತು ವರ್ಷದಿಂದ ಆಯಾ. ರೋಗಿಯನ್ನು ಮಲಗಿಸುವುದು, ಹೊಟ್ಟೆಗೆ ಜೆಲ್ ಹಚ್ಚುವುದು, ಆಮೇಲೆ ಒರೆಸುವುದು ಅವರ ಕೆಲಸ. ರೇಡಿಯಾಲಜಿ ಪೋಸ್ಟಿಂಗಿಗೆ ಬಂದ ಮೊದಲ ದಿನವೇ ಅವರು ನನ್ನನ್ನು ಪರೀಕ್ಷೆ ಮಾಡಿದರು. "ಜೆಲ್ ಯಾಕೆ ಹಚ್ತಾರೆ ಹೇಳವ್ವ? ನಡುವೆ ಗಾಳಿ ಇದ್ರೆ ಮಿಷಿನ್ನಿನ ಶಬ್ದ ಒಳಕ್ಕೆ ಹೋಗಲ್ಲ ಕಣವ್ವ." ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಡಾಕ್ಟರಾಗಲು ಹೊರಟ ನನಗೆ ಮೈಯೆಲ್ಲ ಉರಿಯಿತು.

ಒಂದು ಬೆಳಿಗ್ಗೆ ಶೆಟ್ಟಿಕೆರೆಯಿಂದ ಸಿದ್ದಮ್ಮ ಬಂದಳು. ಕೊಬ್ಬರಿ ಶೆಡ್ಡಿನಲ್ಲಿ ಕೂಲಿ. ಆರು ತಿಂಗಳಿಂದ ಉಂಡ ಮೇಲೆ ಬಲ ಪಕ್ಕೆಯ ಕೆಳಗೆ ನೋವು. ಗಂಡ ಮಾತ್ರ ಕೆಲಸಗಳ್ಳಿಯ ನಾಟಕ ಎನ್ನುತ್ತಿದ್ದನಂತೆ.

"ಇಂಪನಾ, ಮೊದಲು ನೀನು ನೋಡು," ಎಂದರು ನಮ್ಮ ಡಾಕ್ಟರ್ ಶಿವಮೂರ್ತಿ. ಪರದೆಯ ಮೇಲೆ ಪಿತ್ತರಸ ತುಂಬಿ ಕಪ್ಪಗೆ ಉಬ್ಬಿರಬೇಕಾದ ಪಿತ್ತಕೋಶ ಮುದುಡಿಕೊಂಡಿತ್ತು. ನಾನು ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

"ಪಿತ್ತಕೋಶದಲ್ಲಿ ಕಲ್ಲೇನೂ ಇಲ್ಲಮ್ಮ, ಹೆದರಬೇಡಿ," ಎಂದೆ.

ಅವಳ ಮುಖ ಅರಳಲಿಲ್ಲ, ಬಾಡಿತು. "ಹಂಗಾದ್ರೆ ನಾನೇ ಸುಳ್ಳಿ ಆದೆ," ಎಂದಳು.

ಡಾಕ್ಟರು ನನ್ನ ಕೈಯಿಂದ ಪ್ರೋಬ್ ತೆಗೆದುಕೊಂಡು ಅವಳ ಹೊಟ್ಟೆಯ ಮೇಲೆ ಆಡಿಸಿ ನೋಡಿ, "ಏನಾದ್ರೂ ತಿಂದಿದ್ರಾ?" ಎಂದರು. "ಇಲ್ಲ ಸಾರ್, ರಾತ್ರಿಯಿಂದ ಖಾಲಿ ಹೊಟ್ಟೆ."

ಜೆಲ್ ಒರೆಸಲು ಬಂದ ವಿಮಲಮ್ಮ ಬಟ್ಟೆ ಹಿಡಿದೇ ನಿಂತರು. "ಬೆಳಿಗ್ಗೆ ಶೆಡ್ಡಿಗೆ ಹೋಗಿದ್ದೇನೇ?"

"ಒಂದು ಗಳಿಗೆ ಹೋಗಿದ್ದೆ ಅಕ್ಕ."

"ಬಾಯಿಗೆ ಕೊಬ್ಬರಿ ಹಾಕ್ಕೊಂಡ್ಯಾ?"

"ನಾಕು ಚೂರು, ಬೆಲ್ಲದ ಜೊತೆ. ಅದೂ ಊಟನಾ ಅಕ್ಕ?"

ಡಾಕ್ಟರು ನನ್ನತ್ತ ತಿರುಗಿದರು. "ಜಿಡ್ಡು ಹೊಟ್ಟೆಗೆ ಬಿದ್ರೆ ಪಿತ್ತಕೋಶ ಹಿಂಡಿಕೊಂಡು ಪಿತ್ತ ಹೊರಗೆ ಬಿಡುತ್ತೆ. ಮುದುಡಿದ್ದರಲ್ಲಿ ಸಣ್ಣ ಕಲ್ಲು ತಪ್ಪಿಹೋಗಬಹುದು. ಕಾಣಲಿಲ್ಲ ಅನ್ನೋದು ಬೇರೆ, ಇಲ್ಲ ಅನ್ನೋದು ಬೇರೆ."

"ನಾಳೆ ಬಾ. ಶೆಡ್ಡಿನ ಕಡೆ ತಲೆ ಹಾಕಬೇಡ," ಎಂದರು ವಿಮಲಮ್ಮ. ಬಾಗಿಲವರೆಗೂ ಹೋಗಿ ಸೇರಿಸಿದರು, "ಗಂಡನ್ನೂ ಕರ್ಕೊಂಡು ಬಾ."

ಮರುದಿನ ಪಿತ್ತಕೋಶ ಕಪ್ಪಗೆ ತುಂಬಿತ್ತು. ಒಳಗೆ ಬೆಳ್ಳಗೊಂದು ಚುಕ್ಕೆ, ಅದರ ಹಿಂದೆ ಉದ್ದನೆಯ ಕಪ್ಪು ನೆರಳು. "ಎಡಗಡೆಗೆ ಹೊರಳಿಸು," ಎಂದರು ಡಾಕ್ಟರ್. ಸಿದ್ದಮ್ಮ ಹೊರಳಿದಾಗ ಚುಕ್ಕೆಯೂ ಉರುಳಿತು. ನೆರಳು ಬಿಟ್ಟು, ಜಾಗ ಬದಲಿಸುವುದು ಕಲ್ಲು. ಒಳಗೋಡೆಗೆ ಅಂಟಿ ಬೆಳೆದ ಪಾಲಿಪ್ ಎಂಬ ಗಂಟಾಗಿದ್ದರೆ ಕದಲುತ್ತಿರಲಿಲ್ಲ. ಈ ಸಲ ಎರಡು ಬಾರಿ ನೋಡಿದ ಮೇಲೆಯೇ "ಕಲ್ಲಿದೆ" ಎಂದೆ.

ವಿಮಲಮ್ಮ ಯಾರನ್ನೂ ಕೇಳದೆ ಹೊರಗಿದ್ದ ಗಂಡ ಕಲ್ಲೇಶನನ್ನು ಒಳಗೆ ಕರೆದರು. ಡಾಕ್ಟರು ಪರದೆಯನ್ನು ಅವನತ್ತ ತಿರುಗಿಸಿ ಕಲ್ಲು ತೋರಿಸಿದರು, ಸರ್ಜನ್ನರನ್ನು ನೋಡಬೇಕೆಂದರು. ಅವನು ಬಹಳ ಹೊತ್ತು ನೋಡಿದ.

"ಅಷ್ಟೊಂದು ನೋಯ್ತಿತ್ತೇನೇ?" ಎಂದ.

ಸಿದ್ದಮ್ಮ ಸೆರಗು ಎಳೆದುಕೊಂಡು ಎದ್ದು ಕುಳಿತಳು.

"ಹೇಳಿದ್ನಲ್ಲ," ಎಂದಳು.